ಟೈಮ್ ಟೇಬಲ್ ಶೀಟ್ ಇಲ್ಲದ ಕ್ಲಾಷ್ ತೋರಿಸುತ್ತದೆ, ಇರುವ ಕ್ಲಾಷ್ ಬಿಡುತ್ತದೆ. ಏನು ಮಾಡುವುದು?

ಗಣಿತದಕ್ಕ, ಬೆಳಗಾವಿ

ಎಲ್ಲರಿಗೂ ನಮಸ್ಕಾರ. ನಮ್ಮಲ್ಲಿ ಒಂದೇ ಕಾಂಪೌಂಡಿನಲ್ಲಿ ಎರಡು ವಿಭಾಗ ಇವೆ. 5ರಿಂದ 7ರವರೆಗೆ ಪ್ರಾಥಮಿಕ, 8ರಿಂದ 10ರವರೆಗೆ ಹೈಸ್ಕೂಲ್. ಎರಡೂ ಕಡೆ ಆರಾರು ಸೆಕ್ಷನ್. ಕಂಪ್ಯೂಟರ್ ಲ್ಯಾಬ್ ಒಂದೇ. ಕಂಪ್ಯೂಟರ್ ಸರ್, ಪಿ.ಇ. ಸರ್, ಡ್ರಾಯಿಂಗ್ ಟೀಚರ್ ಎರಡೂ ಕಡೆಗೆ ಹೋಗುತ್ತಾರೆ.

ಗೂಗಲ್ ಶೀಟ್‌ನಲ್ಲಿ ಟೈಮ್ ಟೇಬಲ್ ಹಾಕುವ ಒಂದು ಫೈಲ್ ಮಾಡಿದ್ದೇವೆ. ಒಬ್ಬ ಟೀಚರ್ ಒಂದೇ ಪೀರಿಯಡ್‌ನಲ್ಲಿ ಎರಡು ಕಡೆ ಬಿದ್ದರೆ ಸೆಲ್ ಕೆಂಪಾಗುತ್ತದೆ, ಕೋಣೆಗೂ ಹಾಗೇ. ಮೊದಲ ವಾರ ಎಲ್ಲರಿಗೂ ಖುಷಿ. ಈಗ ಎರಡು ತೊಂದರೆ ಎದ್ದಿವೆ.

ಒಂದು: 9ಎ ಮತ್ತು 9ಬಿ ಮಕ್ಕಳು ಪ್ರಥಮ ಭಾಷೆಗೆ ಬೇರೆ ಬೇರೆ ಆಗಿ ಕೂರುತ್ತಾರೆ. ಎರಡೂ ಸೆಕ್ಷನ್ನಿನ ಕನ್ನಡದವರು ಒಂದು ಕೋಣೆಗೆ, ಸಂಸ್ಕೃತದವರು ಇನ್ನೊಂದಕ್ಕೆ. ಕನ್ನಡ ಟೀಚರ್ ಹೆಸರು 9ಎ ಸಾಲಿನಲ್ಲೂ ಬರುತ್ತದೆ, 9ಬಿ ಸಾಲಿನಲ್ಲೂ ಬರುತ್ತದೆ. ಶೀಟ್ ಅದನ್ನು ಕ್ಲಾಷ್ ಅನ್ನುತ್ತದೆ. ಆದರೆ ಅದು ಒಂದೇ ಪಾಠ ಅಲ್ವಾ? ವಾರವಿಡೀ ಭಾಷೆಯ ಪೀರಿಯಡ್ ಎಲ್ಲಾ ಕೆಂಪು. ಹೀಗಾಗಿ ನಿಜವಾದ ಕೆಂಪು ಯಾವುದು ಅಂತ ಯಾರೂ ನೋಡುವುದನ್ನೇ ಬಿಟ್ಟಿದ್ದಾರೆ.

ಎರಡು: ಮಂಗಳವಾರ 7ಬಿ ಮಕ್ಕಳು ಸಾಲಾಗಿ ಲ್ಯಾಬಿಗೆ ಬಂದರು, ಒಳಗೆ 9ಎ ಕೂತಿದೆ. ಶೀಟಿನಲ್ಲಿ ಕೆಂಪು ಇಲ್ಲ. 7ಬಿಗೆ ಅದು 4ನೇ ಪೀರಿಯಡ್, 9ಎಗೆ 3ನೇದು. ನಂಬರ್ ಬೇರೆ ಆದ್ದರಿಂದ ಶೀಟ್ ಸುಮ್ಮನಿತ್ತು.

ನಮ್ಮ ಗಂಟೆ ಹೀಗಿದೆ. ಹೈಸ್ಕೂಲಿಗೆ 40 ನಿಮಿಷದ ಪೀರಿಯಡ್: 10:00, 10:40, ಆಮೇಲೆ 11:20ಕ್ಕೆ ಹತ್ತು ನಿಮಿಷ ಬಿಡುವು, 11:30, 12:10. ಊಟ 12:50ಕ್ಕೆ, 5ನೇ ಪೀರಿಯಡ್ 1:30ಕ್ಕೆ. ಪ್ರಾಥಮಿಕಕ್ಕೆ 35 ನಿಮಿಷದ್ದು: 10:00, 10:35, 11:10, ಬಿಡುವು 11:45ಕ್ಕೆ, 4ನೇದು 11:55ಕ್ಕೆ, 5ನೇದು 12:30ಕ್ಕೆ, ಊಟ 1:05ಕ್ಕೆ. ಬಿಸಿಯೂಟಕ್ಕೆ ಎಲ್ಲರೂ ಒಮ್ಮೆಗೇ ಕೂರಲು ಜಾಗ ಸಾಲದು. ಅದಕ್ಕೇ ಊಟದ ಸಮಯ ಹೀಗೆ ಹಿಂದೆ ಮುಂದೆ. ಅದನ್ನು ಬದಲಾಯಿಸಲು ಆಗುವುದಿಲ್ಲ.

ಏನು ಮಾಡಬೇಕು ಹೇಳಿ.

ನಿಪ್ಪಾಣಿ ಹುಡುಗ

ಅಕ್ಕಾ, ಇದು ಬಹಳ ಸುಲಭ. ಕಂಡಿಷನಲ್ ಫಾರ್ಮ್ಯಾಟಿಂಗ್ ಹಾಕಿ. ಸಾಲಿಗೆ ಒಂದು ತರಗತಿ, ಕಾಲಂಗೆ ಒಂದು ಪೀರಿಯಡ್ ಇದ್ದರೆ ಸಾಕು.

```
=COUNTIF(C$3:C$14,C3)>1
```

ಅದೇ ಕಾಲಂನಲ್ಲಿ ಅದೇ ಟೀಚರ್ ಎರಡನೇ ಸಲ ಬಂದರೆ ಕೆಂಪಾಗುತ್ತದೆ. ನಮ್ಮ ಶಾಲೆಗೆ ನಾನೇ ಮಾಡಿಕೊಟ್ಟಿದ್ದೇನೆ, ಚೆನ್ನಾಗಿ ನಡೆಯುತ್ತಿದೆ. ಭಾಷೆಯ ಪೀರಿಯಡ್‌ಗೆ ಟೀಚರ್ ಹೆಸರನ್ನು ಒಂದು ಸೆಕ್ಷನ್ನಿಗೆ ಮಾತ್ರ ಬರೆಯಿರಿ, ಇನ್ನೊಂದನ್ನು ಖಾಲಿ ಬಿಡಿ. ಎರಡೂ ವಿಭಾಗಕ್ಕೆ ಗಂಟೆ ಒಂದೇ ಮಾಡಿಬಿಟ್ಟರೆ ಎರಡನೇ ತೊಂದರೆಯೂ ಇಲ್ಲ.

ಲೆಕ್ಕದ ಹಾಳೆ, ಬಾಗಲಕೋಟೆ

ತಮ್ಮಾ, ನಿನ್ನ ಫಾರ್ಮುಲಾ ತಪ್ಪಲ್ಲ. ಎಲ್ಲರಿಗೂ ಒಂದೇ ಗಂಟೆ ಇರುವ, ಭಾಷೆಗೆ ಮಕ್ಕಳು ಬೇರೆ ಆಗದ ಶಾಲೆಗೆ ಅದೇ ಸಾಕು. ಆದರೆ ಗಂಟೆ ಬದಲಾಯಿಸಲು ಆಗುವುದಿಲ್ಲ ಅಂತ ಅಕ್ಕ ಮೊದಲೇ ಬರೆದಿದ್ದಾರೆ. ಖಾಲಿ ಬಿಡುವ ಉಪಾಯದಲ್ಲೂ ತೊಡಕಿದೆ. 9ಬಿ ಸೆಲ್ ಖಾಲಿ ಕಂಡರೆ ಯಾರಾದರೂ ಅಲ್ಲಿ ಸಮಾಜ ವಿಜ್ಞಾನ ಹಾಕಿಬಿಡುತ್ತಾರೆ. ಆಗ ಅರ್ಧ ಮಕ್ಕಳು ಕನ್ನಡಕ್ಕೆ ಹೋಗಿರುತ್ತಾರೆ, ಶೀಟ್ ಏನೂ ಹೇಳುವುದಿಲ್ಲ.

ಇನ್ನೊಂದು ಕೇಳುತ್ತೇನೆ. ನಿಮ್ಮ ಸೆಲ್‌ನಲ್ಲಿ ಬರೀ ಟೀಚರ್ ಹೆಸರು ಇದೆಯೋ, ವಿಷಯವೂ ಇದೆಯೋ? "ಗಣಿತ-ಪಾಟೀಲ" ಅಂತ ಬರೆದಿದ್ದರೆ, ಅದೇ ಪಾಟೀಲ ಸರ್ ಅದೇ ಪೀರಿಯಡ್‌ನಲ್ಲಿ ಇನ್ನೊಂದು ಕಡೆ "ವಿಜ್ಞಾನ-ಪಾಟೀಲ" ಆಗಿದ್ದರೂ COUNTIFಗೆ ಅವು ಎರಡು ಬೇರೆ ಪದ. ಪಿ.ಸಿ.ಎಂ. ಟೀಚರ್ ಗಣಿತವನ್ನೂ ತೆಗೆದುಕೊಳ್ಳುತ್ತಾರೆ, ವಿಜ್ಞಾನವನ್ನೂ ತೆಗೆದುಕೊಳ್ಳುತ್ತಾರೆ. ಹಾಗಾಗಿ ನಮ್ಮ ಕಡೆ ಹೈಸ್ಕೂಲುಗಳಲ್ಲಿ ಈ ತೊಂದರೆ ಸಾಮಾನ್ಯ.

ನಿಪ್ಪಾಣಿ ಹುಡುಗ

ವಿಷಯವೂ ಇದೆ ಸರ್. ಇದನ್ನು ನೋಡಿರಲಿಲ್ಲ. ಹಾಗಾದರೆ ಟೀಚರ್‌ಗೆ ಬೇರೆ ಕಾಲಂ ಬೇಕು ಅಂತಾಯಿತು.

ಜಮಖಂಡಿ ಹಿಂದಿ

ನಮ್ಮಲ್ಲೂ ಇದೇ ಗೋಳು. ಬೆಳಿಗ್ಗೆ ಇಬ್ಬರು ಟೀಚರ್ ರಜೆ ಹಾಕುತ್ತಾರೆ. ಯಾರು ಖಾಲಿ ಇದ್ದಾರೆ, ಯಾರನ್ನು ಎಂಗೇಜ್‌ಗೆ ಕಳಿಸಬೇಕು ಅಂತ ಸ್ಟಾಫ್ ರೂಮಿನಲ್ಲಿ ದಿನಾ ಜಗಳ. ಹಿಂದಿಯವರಿಗೆ ತಾಸು ಕಡಿಮೆ ಅಂತ ಯಾವಾಗಲೂ ನಮ್ಮನ್ನೇ ಕಳಿಸುತ್ತಾರೆ. ನಿಮ್ಮ ಶೀಟ್ ಅದನ್ನು ಹೇಳುತ್ತದೆಯಾ? ಹೇಳುವುದಾದರೆ ನನಗೂ ಕೊಡಿ.

ಗಣಿತದಕ್ಕ, ಬೆಳಗಾವಿ

ಟೀಚರ್, ಅದು ದಿನದ ಬದಲಿ ವ್ಯವಸ್ಥೆ. ನಾನು ಕೇಳುತ್ತಿರುವುದು ವರ್ಷದ ಟೈಮ್ ಟೇಬಲ್ ಹಾಕುವಾಗಿನ ಕ್ಲಾಷ್ ಬಗ್ಗೆ. ಆದರೆ ನಿಮ್ಮದೂ ನಿಜವಾದ ತೊಂದರೆಯೇ. ಇದು ಸರಿಯಾದರೆ ಅದಕ್ಕೂ ದಾರಿ ಸಿಗಬಹುದು.

ಲೆಕ್ಕದ ಹಾಳೆ ಸರ್, ನಮ್ಮ ಸೆಲ್‌ನಲ್ಲಿ ಟೀಚರ್ ಹೆಸರು ಮಾತ್ರ ಇದೆ. ವಿಷಯ ಬೇರೆ ಸಾಲಿನಲ್ಲಿದೆ. ಮುಂದೆ ಹೇಳಿ.

ಲೆಕ್ಕದ ಹಾಳೆ, ಬಾಗಲಕೋಟೆ

ಸ್ವಲ್ಪ ಉದ್ದ ಬರೆಯುತ್ತೇನೆ, ತಾಳ್ಮೆಯಿಂದ ಓದಿ.

ಗೋಡೆಗೆ ಅಂಟಿಸುವ ಚೌಕದ ಟೈಮ್ ಟೇಬಲ್ ಓದಲು ಚೆನ್ನ. ಆದರೆ ತಪ್ಪು ಹುಡುಕಲು ಅದು ಕೆಲಸಕ್ಕೆ ಬರುವುದಿಲ್ಲ. ಹುಡುಕಲು ಉದ್ದನೆಯ ಪಟ್ಟಿ ಬೇಕು. ಒಂದು ಸಾಲು ಅಂದರೆ ಒಂದು ಗುಂಪಿನ ಮಕ್ಕಳು, ಒಂದು ಪಾಠ, ಇಷ್ಟು ಗಂಟೆಯಿಂದ ಇಷ್ಟು ಗಂಟೆಯವರೆಗೆ. ಪೀರಿಯಡ್ ನಂಬರ್ ಬೇಕಾದರೆ ಪಕ್ಕದಲ್ಲಿ ಇರಲಿ, ಆದರೆ ಹೋಲಿಸುವುದು ಗಡಿಯಾರದ ಸಮಯವನ್ನು ಮಾತ್ರ.

ನಿಮ್ಮ ಮಂಗಳವಾರದ ಲ್ಯಾಬನ್ನೇ ತೆಗೆದುಕೊಳ್ಳೋಣ. ಮಧ್ಯರಾತ್ರಿಯಿಂದ ಎಷ್ಟು ನಿಮಿಷ ಅಂತ ಎಣಿಸಿದರೆ 9ಎಯ 3ನೇ ಪೀರಿಯಡ್ 690ರಿಂದ 730. 7ಬಿಯ 4ನೇದು 715ರಿಂದ 750. ಮೊದಲನೆಯದು ಶುರುವಾಗುವುದು ಎರಡನೆಯದು ಮುಗಿಯುವ ಮುಂಚೆ, ಎರಡನೆಯದು ಶುರುವಾಗುವುದೂ ಮೊದಲನೆಯದು ಮುಗಿಯುವ ಮುಂಚೆ. ಈ ಎರಡೂ ನಿಜವಾದರೆ ಕ್ಲಾಷ್. ಇಲ್ಲಿ 690 ಅನ್ನುವುದು 750ಕ್ಕಿಂತ ಕಡಿಮೆ, 715 ಅನ್ನುವುದು 730ಕ್ಕಿಂತ ಕಡಿಮೆ. ಹಾಗಾಗಿ 11:55ರಿಂದ 12:10ರವರೆಗೆ ಹದಿನೈದು ನಿಮಿಷ ಎರಡು ತರಗತಿಗೂ ಅದೇ ಲ್ಯಾಬ್ ಬೇಕು.

ಈಗ ಉಲ್ಟಾ ನೋಡಿ. ಪ್ರಾಥಮಿಕದ 5ನೇದು 12:30ರಿಂದ 1:05, ಹೈಸ್ಕೂಲಿನ 5ನೇದು 1:30ರಿಂದ 2:10. ನಂಬರ್ ಒಂದೇ, ಆದರೆ ಎರಡರ ನಡುವೆ 25 ನಿಮಿಷ ಖಾಲಿ. ಪಿ.ಇ. ಸರ್ ಎರಡನ್ನೂ ಆರಾಮಾಗಿ ತೆಗೆದುಕೊಳ್ಳಬಹುದು. ನಿಮ್ಮ ಶೀಟ್ ಇದನ್ನು ಕೆಂಪು ಮಾಡುತ್ತಿರುತ್ತದೆ, ನೀವು ಸುಮ್ನೆ ಪಾಠವನ್ನು ಬೇರೆ ಕಡೆ ತಳ್ಳುತ್ತಿರುತ್ತೀರಿ.

ಭಾಷೆಯ ತೊಂದರೆಗೆ ಪ್ರತಿ ಪಾಠಕ್ಕೂ ಒಂದು ಗುರುತು ಕೊಡಿ. ಎರಡು ಸೆಕ್ಷನ್ ಕೂಡಿ ಕೇಳುವ ಪಾಠಕ್ಕೆ ಒಂದೇ ಗುರುತು. ಮಕ್ಕಳ ಗುಂಪನ್ನು ಒಡೆಯದ ತುಂಡಾಗುವವರೆಗೆ ಚಿಕ್ಕದು ಮಾಡಿ. 9ಎ ಅನ್ನುವುದು 9A-K ಮತ್ತು 9A-S ಅಂತ ಎರಡು ತುಂಡು, K ಕನ್ನಡದವರು, S ಸಂಸ್ಕೃತದವರು. ಗಣಿತಕ್ಕೆ ಇಡೀ 9ಎ ಕೂರುತ್ತದೆ ಅಂದರೆ ಎರಡು ಸಾಲು ಬರೆಯಿರಿ, ಗುರುತು ಒಂದೇ ಇರಲಿ.

```
A      B    C      D    E      F        G
ID     Day  Start  End  Group  Teacher  Room
K9-1   Mon  600    640  9A-K   T04      R5
K9-1   Mon  600    640  9B-K   T04      R5
S9-1   Mon  600    640  9A-S   T11      R6
S9-1   Mon  600    640  9B-S   T11      R6
M9A-1  Mon  640    680  9A-K   T02      R5
M9A-1  Mon  640    680  9A-S   T02      R5
```

ಟೀಚರ್ ಕ್ಲಾಷ್ ನೋಡುವ ಫಾರ್ಮುಲಾ ಇದು:

```
=IF(F2="","",COUNTIFS($B$2:$B$1200,B2,
 $F$2:$F$1200,F2,
 $C$2:$C$1200,"<"&D2,
 $D$2:$D$1200,">"&C2,
 $A$2:$A$1200,"<>"&A2))
```

ಅದೇ ದಿನ, ಅದೇ ಟೀಚರ್, ಸಮಯ ಒಂದರ ಮೇಲೊಂದು ಬಿದ್ದಿದೆ, ಆದರೆ ಪಾಠದ ಗುರುತು ಬೇರೆ. ಅಂಥ ಸಾಲು ಎಷ್ಟಿವೆ ಅಂತ ಎಣಿಸುತ್ತದೆ. ಸೊನ್ನೆ ಬಂದರೆ ಸರಿ, ಜಾಸ್ತಿ ಬಂದರೆ ಕ್ಲಾಷ್. ಕೋಣೆಗೆ F ಇರುವ ಕಡೆ G ಹಾಕಿ, ಮಕ್ಕಳ ಗುಂಪಿಗೆ E ಹಾಕಿ. ಮೂರು ಕಾಲಂ ಆಯಿತು. ಮೂರನೆಯದನ್ನು ಬಹಳ ಮಂದಿ ಮರೆಯುತ್ತಾರೆ. ಟೀಚರ್ ಖಾಲಿ, ಕೋಣೆ ಖಾಲಿ, ಆದರೆ 9ಎ ಮಕ್ಕಳು ಒಂದೇ ಹೊತ್ತಿಗೆ ಎರಡು ಕಡೆ ಇರಬೇಕು ಅನ್ನುವುದೂ ಕ್ಲಾಷೇ.

ಗಣಿತದಕ್ಕ, ಬೆಳಗಾವಿ

ಸರ್, ಅರ್ಥವಾಯಿತು. ಆದರೆ ಗಣಿತಕ್ಕೂ ಎರಡು ಸಾಲು ಅಂದರೆ ಹೈಸ್ಕೂಲಿಗೇ ವಾರಕ್ಕೆ 45 ಪೀರಿಯಡ್, ಆರು ಸೆಕ್ಷನ್, ಎರಡೆರಡು ತುಂಡು. 540 ಸಾಲು ಆಗುತ್ತದೆ ಅಲ್ವಾ? ಟೈಪ್ ಮಾಡುವವರು ಯಾರು?

ಲೆಕ್ಕದ ಹಾಳೆ, ಬಾಗಲಕೋಟೆ

ಆಗುತ್ತದೆ. ಒಂದು ಸಲ ಮಾತ್ರ. ಮುಂದಿನ ವರ್ಷ ಅದೇ ಪಟ್ಟಿಯನ್ನು ನಕಲು ಮಾಡಿ ಬದಲಾದ ಸಾಲು ಮಾತ್ರ ತಿದ್ದುತ್ತೀರಿ.

ಆದರೆ ನಕಲು ಮಾಡುವಾಗ ಒಂದು ಅಪಾಯ ಇದೆ, ಇದನ್ನು ಗಮನವಿಟ್ಟು ನೋಡಿ. ಸಾಲನ್ನು ಕಾಪಿ ಮಾಡಿ ಟೀಚರ್, ತರಗತಿ ಎಲ್ಲಾ ಬದಲಾಯಿಸಿ ಗುರುತು ಬದಲಾಯಿಸದಿದ್ದರೆ, ಶೀಟ್ ಅದನ್ನು ಹಳೆಯ ಪಾಠದ ಭಾಗ ಅಂತಲೇ ತಿಳಿಯುತ್ತದೆ. ನಿಜವಾದ ಕ್ಲಾಷ್ ಅಲ್ಲೇ ಅಡಗಿ ಕೂರುತ್ತದೆ. ಹಾಗೇ ಕೂಡು ಪಾಠವನ್ನು ಬೇರೆ ಸಮಯಕ್ಕೆ ಸರಿಸುವಾಗ 9A-K ಸಾಲು ಬದಲಾಯಿಸಿ 9B-K ಬಿಟ್ಟರೂ ಗೊತ್ತಾಗುವುದಿಲ್ಲ. ಅದಕ್ಕೆ ನಾಲ್ಕನೇ ಪರೀಕ್ಷೆ ಬೇಕು. ಒಂದೇ ಗುರುತಿನ ಸಾಲುಗಳಲ್ಲಿ ದಿನ, ಸಮಯ, ಟೀಚರ್, ಕೋಣೆ ಎಲ್ಲಾ ಒಂದೇ ಇರಬೇಕು.

```
=COUNTIF($A$2:$A$1200,A2)<>COUNTIFS(
 $A$2:$A$1200,A2,$B$2:$B$1200,B2,
 $C$2:$C$1200,C2,$D$2:$D$1200,D2,
 $F$2:$F$1200,F2,$G$2:$G$1200,G2)
```

ಟೀಚರ್, ಕೋಣೆ ಎರಡೂ ತುಂಬಿದ ಸಾಲಿನಲ್ಲಿ TRUE ಬಂದರೆ ಗುರುತು ಕೆಟ್ಟಿದೆ ಅಂತ ಅರ್ಥ. ಮೊದಲು ಈ ಕಾಲಂ ನೋಡಿ, ಇದು ಪೂರ್ತಿ FALSE ಆದ ಮೇಲೆ ಉಳಿದ ಮೂರನ್ನು ನಂಬಿ.

ಹಳೇ ಹೆಡ್ ಮಾಸ್ತರ, ವಿಜಯಪುರ

ಇಷ್ಟೆಲ್ಲಾ ಬೇಕೇನ್ರೀ? ನಾವು ಡ್ರಾಯಿಂಗ್ ಶೀಟಿನ ಮೇಲೆ ಪೆನ್ಸಿಲ್‌ನಲ್ಲಿ ಬರೆದು, ಟೀಚರ್‌ಗೆ ಒಂದು ಬಣ್ಣದ ಚೀಟಿ ಮಾಡಿ ಅಂಟಿಸುತ್ತಿದ್ದೆವು. ಒಬ್ಬರಿಗೆ ವಾರಕ್ಕೆ 30 ತಾಸು ಇದ್ದರೆ 30 ಚೀಟಿ. ಚೀಟಿ ಮುಗಿದರೆ ತಾಸು ಮುಗಿಯಿತು. ಒಂದು ಕಾಲಂನಲ್ಲಿ ಒಂದೇ ಬಣ್ಣ ಎರಡು ಕಂಡರೆ ಕಣ್ಣಿಗೇ ಹೊಡೆಯುತ್ತಿತ್ತು.

ಆದರೆ ಎರಡು ಗಂಟೆಯ ಶಾಲೆ ನಾನು ನಡೆಸಿಲ್ಲ. ಅಲ್ಲಿ ಚೀಟಿ ಸಾಲದು ಅನ್ನುವುದು ಒಪ್ಪುತ್ತೇನೆ.

ನನ್ನದೊಂದು ಮಾತು. ಕ್ಲಾಷ್ ಇದ್ದರೆ ಶೀಟ್ ಆ ಪಾಠವನ್ನು ತೆಗೆದುಕೊಳ್ಳಲೇಬಾರದು. ಬರೀ ಕೆಂಪು ತೋರಿಸಿದರೆ ನಮ್ಮ ಮಂದಿ "ಆಮೇಲೆ ನೋಡೋಣ" ಅಂತ ಬಿಟ್ಟು ಪ್ರಿಂಟ್ ಹೊಡೆಯುತ್ತಾರೆ.

ಲೆಕ್ಕದ ಹಾಳೆ, ಬಾಗಲಕೋಟೆ

ಸರ್, ಗೌರವದಿಂದಲೇ ಹೇಳುತ್ತೇನೆ, ಇದನ್ನು ನಾನು ಒಪ್ಪುವುದಿಲ್ಲ. ಎರಡು ಪಾಠವನ್ನು ಅದಲು ಬದಲು ಮಾಡಬೇಕು ಅನ್ನಿ. ಮೊದಲನೆಯದನ್ನು ಎರಡನೆಯದರ ಜಾಗಕ್ಕೆ ಸರಿಸಿದ ಕೂಡಲೇ ಅಲ್ಲಿ ಕ್ಲಾಷ್ ಆಗುತ್ತದೆ, ಎರಡನೆಯದನ್ನು ಸರಿಸಿದ ಮೇಲೆ ಹೋಗುತ್ತದೆ. ಶೀಟ್ ಮೊದಲ ಹೆಜ್ಜೆಯಲ್ಲೇ ತಡೆದರೆ ಅದಲು ಬದಲು ಮಾಡುವುದೇ ಆಗುವುದಿಲ್ಲ. ಒಂದನ್ನು ಎಲ್ಲಾದರೂ ಖಾಲಿ ಜಾಗದಲ್ಲಿ ಇಟ್ಟು ಬರಬೇಕು, ಆ ಇಟ್ಟದ್ದು ಅಲ್ಲೇ ಉಳಿದುಬಿಡುತ್ತದೆ.

ಹಾಕುವಾಗ ತೋರಿಸಲಿ, ತಡೆಯುವುದು ಬೇಡ. ಬೇಕಾದರೆ ಪ್ರಿಂಟ್ ಮಾಡುವ ಹಾಳೆಯ ತಲೆಯಲ್ಲಿ ಒಟ್ಟು ಎಷ್ಟು ಕ್ಲಾಷ್ ಉಳಿದಿವೆ ಅಂತ ದೊಡ್ಡದಾಗಿ ಬರುವಂತೆ ಮಾಡಿ.

ಹಳೇ ಹೆಡ್ ಮಾಸ್ತರ, ವಿಜಯಪುರ

ಪ್ರಿಂಟ್ ಆದರೂ ತಡೆಯಬೇಕು. ಅಲ್ಲಿ ನಾನು ಬಿಡುವುದಿಲ್ಲ. ಒಮ್ಮೆ ಗೋಡೆಗೆ ಬಿತ್ತು ಅಂದರೆ ಅದೇ ಕಾನೂನು.

ಮೈದಾನ, ಇಳಕಲ್

ಪಿ.ಇ. ಕಡೆಯಿಂದ ಒಂದು ಮಾತು. ಮೈದಾನವನ್ನು ಕೋಣೆ ಅಂತ ಹಾಕಿದರೆ ನಮ್ಮ ಕಥೆ ಮುಗಿಯಿತು. ಮೈದಾನದಲ್ಲಿ ಎರಡು ತರಗತಿ ಒಟ್ಟಿಗೇ ಆಡಬಹುದು. ಒಂದು ಕಡೆ ಕಬಡ್ಡಿ, ಇನ್ನೊಂದು ಕಡೆ ಖೋ ಖೋ. ನಮ್ಮಲ್ಲಿ ಪಿ.ಇ. ಟೀಚರ್ ಇಬ್ಬರಿದ್ದಾರೆ. ಶೀಟ್ ಮಾತ್ರ ಪ್ರತಿ ಸಲ ಕೂಗುತ್ತದೆ.

ಲೆಕ್ಕದ ಹಾಳೆ, ಬಾಗಲಕೋಟೆ

ಮೈದಾನಕ್ಕೆ ಎರಡು ಹೆಸರು ಕೊಡಿ ಸರ್, Ground-1, Ground-2. ಎರಡು ತರಗತಿ ಹಿಡಿಯುತ್ತದೆ ಅಂದರೆ ಎರಡು ಕೋಣೆ ಇದ್ದ ಹಾಗೆ. ಫಾರ್ಮುಲಾದಲ್ಲಿ "ಎರಡರವರೆಗೆ ಪರವಾಗಿಲ್ಲ" ಅಂತ ಬರೆಯಲು ಹೋಗಬೇಡಿ. ಅದು ಎಣಿಸುವುದು ಸಾಲುಗಳನ್ನು. ಒಂದು ತರಗತಿ ಎರಡು ತುಂಡಾಗಿ ಎರಡು ಸಾಲಿನಲ್ಲಿದ್ದರೆ ಲೆಕ್ಕ ತಪ್ಪುತ್ತದೆ.

ಗಣಿತದಕ್ಕ, ಬೆಳಗಾವಿ

ಹೈಸ್ಕೂಲಿನದು ಹಾಕಿ ನೋಡಿದೆ. ಭಾಷೆಯ ಕೆಂಪು ಎಲ್ಲಾ ಹೋಯಿತು! ಆದರೆ ಹೊಸದೊಂದು ಬಂದಿದೆ. ಒಂದಾದ ಮೇಲೊಂದು ಬರುವ ಪಾಠವನ್ನೂ ಕೆಲವು ಕಡೆ ಕ್ಲಾಷ್ ಅನ್ನುತ್ತಿದೆ. ಒಂದು 12:10ಕ್ಕೆ ಮುಗಿಯುತ್ತದೆ, ಇನ್ನೊಂದು 12:10ಕ್ಕೆ ಶುರು. ಎಲ್ಲಾ ಕಡೆ ಅಲ್ಲ, ಅಲ್ಲಲ್ಲಿ. ಸಮಯವನ್ನು 10:00 ಅಂತ ಬರೆದು ಮುಂದಿನದಕ್ಕೆ 40 ನಿಮಿಷ ಕೂಡಿಸುತ್ತಾ ಹೋಗಿದ್ದೇನೆ. ನಿಮ್ಮ ಹಾಗೆ 600 ಅಂತ ಬರೆದಿಲ್ಲ.

ಲೆಕ್ಕದ ಹಾಳೆ, ಬಾಗಲಕೋಟೆ

ಕಾರಣ ಅದೇ. ಶೀಟ್ ಸಮಯವನ್ನು ದಿನದ ಭಾಗವಾಗಿ ಇಟ್ಟುಕೊಳ್ಳುತ್ತದೆ. ಮಧ್ಯಾಹ್ನ 12 ಅಂದರೆ 0.5. 40 ನಿಮಿಷ ಅಂದರೆ 0.02777 ಹೀಗೆ ಮುಗಿಯದ ಸಂಖ್ಯೆ. ಅದನ್ನು ಕೂಡಿಸುತ್ತಾ ಹೋದರೆ ಕೊನೆಯ ಅಂಕಿಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಬರುತ್ತದೆ. ಕಣ್ಣಿಗೆ ಎರಡೂ 12:10, ಒಳಗೆ ಒಂದು ಚೂರು ದೊಡ್ಡದು. ಆಗ "ಮುಗಿಯುವ ಮುಂಚೆ ಶುರುವಾಯಿತು" ಅಂತ ಲೆಕ್ಕ ಬರುತ್ತದೆ.

ಸಮಯ H ಕಾಲಂನಲ್ಲಿ ಇದ್ದರೆ ಹೀಗೆ ಪೂರ್ಣ ನಿಮಿಷ ಮಾಡಿ, ಅದನ್ನೇ ಹೋಲಿಸಿ:

```
=ROUND(H2*1440,0)
```

ದಿನಕ್ಕೆ 1440 ನಿಮಿಷ. 12:10 ಅಂದರೆ 730, ಅದರ ಮುಂದೆ ಚುಕ್ಕಿ ಇಲ್ಲ. ಮಧ್ಯಾಹ್ನದ್ದನ್ನು 1:30 ಅಂತ ಬರೆಯಬೇಡಿ, 13:30 ಅಂತ ಬರೆಯಿರಿ. ಇಲ್ಲದಿದ್ದರೆ ಅದು ರಾತ್ರಿ ಒಂದೂವರೆ ಆಗುತ್ತದೆ, ಯಾವುದಕ್ಕೂ ಕ್ಲಾಷ್ ಆಗುವುದಿಲ್ಲ. ಶನಿವಾರದ ಬೆಳಗಿನ ಶಾಲೆಗೂ ಬೇರೆ ಏನೂ ಮಾಡಬೇಕಿಲ್ಲ, ಆ ದಿನದ ಸಮಯ ಹಾಕಿದರೆ ಸಾಕು.

ಗೋಕಾಕ ಆಫೀಸು

ನಾನು ಶಾಲೆಯ ಆಫೀಸಿನಲ್ಲಿದ್ದೇನೆ, ಟೈಪ್ ಮಾಡುವುದು ನನ್ನ ಪಾಲಿಗೇ ಬರುತ್ತದೆ. ಟೀಚರ್ ಹೆಸರಿನ ಬದಲು T04 ಅಂತ ಯಾಕೆ ಬರೆದಿದ್ದಾರೆ ಅನ್ನುವುದನ್ನು ಯಾರೂ ಕೇಳಲಿಲ್ಲ. ನಾನು ಹೇಳುತ್ತೇನೆ.

ನಮ್ಮಲ್ಲಿ "ದೊಡ್ಡಮನಿ" ಅಂತ ಹೆಸರು ಎರಡು ಸೆಲ್‌ನಲ್ಲಿತ್ತು. ಒಂದೇ ದಿನ, ಒಂದೇ ಸಮಯ, ಆದರೂ ಕ್ಲಾಷ್ ತೋರಿಸಲಿಲ್ಲ. ಕನ್ನಡಕ ಹಾಕಿಕೊಂಡು ನೋಡಿದರೂ ಎರಡೂ ಒಂದೇ. ಆಮೇಲೆ =LEN(F2) ಹಾಕಿ ನೋಡಿದರೆ ಒಂದರಲ್ಲಿ 8, ಇನ್ನೊಂದರಲ್ಲಿ 9. ಒಂದನ್ನು ನೇರವಾಗಿ ಟೈಪ್ ಮಾಡಿದ್ದು, ಇನ್ನೊಂದು ಹಳೆಯ ನುಡಿ ಫೈಲಿನಿಂದ ಬದಲಾಯಿಸಿ ತಂದದ್ದು. ಅದರಲ್ಲಿ "ದೊ" ಅಕ್ಷರದ ಒತ್ವ ಒಂದೇ ಗುರುತಾಗಿ ಬರದೆ ಎತ್ವ, ಊತ್ವ ಅಂತ ಎರಡು ತುಂಡಾಗಿ ಬಂದಿತ್ತು. ಪರದೆಯ ಮೇಲೆ ಕೂಡಿಕೊಂಡು "ದೊ" ಅಂತಲೇ ಕಾಣುತ್ತದೆ. ಇನ್ನು ಕೆಲವು ಕಡೆ "ಸರ್" ಆದ ಮೇಲೆ ಕಣ್ಣಿಗೆ ಕಾಣದ ಅಕ್ಷರವೊಂದು ಇರುತ್ತದೆ. TRIM ಹಾಕಿದರೂ ಹೋಗುವುದಿಲ್ಲ, ಅದು ಖಾಲಿ ಜಾಗ ಮಾತ್ರ ತೆಗೆಯುತ್ತದೆ.

ಅದಕ್ಕೇ ಕೋಡ್. ಬೇರೆ ಹಾಳೆಯಲ್ಲಿ T01, T02 ಅಂತ ಬರೆದು ಪಕ್ಕದಲ್ಲಿ ಹೆಸರು ಇಡಿ. ಪಟ್ಟಿಯಲ್ಲಿ ಡ್ರಾಪ್‌ಡೌನ್‌ನಿಂದ ಮಾತ್ರ ಆರಿಸುವ ಹಾಗೆ ಮಾಡಿ, ಕೈಯಲ್ಲಿ ಟೈಪ್ ಮಾಡಲು ಬಿಡಬೇಡಿ. ಇಬ್ಬರು ಪಾಟೀಲರಿದ್ದರೂ ಆಗ ಗೊಂದಲ ಇಲ್ಲ.

ನಿಪ್ಪಾಣಿ ಹುಡುಗ

ಇದು ನನಗೆ ಹೊಸದು. LEN ಹಾಕಿ ನಮ್ಮ ಫೈಲ್ ಪೂರ್ತಿ ನೋಡುತ್ತೇನೆ.

ಒಂದು ಕೇಳಲಾ? ಇದನ್ನೆಲ್ಲಾ ಕೈಯಿಂದ ಯಾಕೆ ಮಾಡಬೇಕು, FET ಅಂತ ಉಚಿತ ಸಾಫ್ಟ್‌ವೇರ್ ಇದೆಯಲ್ಲ. ಅದೇ ಟೈಮ್ ಟೇಬಲ್ ಹಾಕಿಕೊಡುತ್ತದೆ, ಕ್ಲಾಷ್ ಬರುವುದೇ ಇಲ್ಲ.

ಗೋಕಾಕ ಆಫೀಸು

FET ನಾನು ಬಳಸಿದ್ದೇನೆ. ಒಳ್ಳೆಯದು. ಎರಡು ಸೆಕ್ಷನ್ ಕೂಡಿದ ಪಾಠ, ಸೆಕ್ಷನ್ ಒಳಗಿನ ಚಿಕ್ಕ ಗುಂಪು, ಇವೆಲ್ಲಾ ಅದರಲ್ಲಿ ಮೊದಲೇ ಇವೆ. ಆದರೆ ಅದರಲ್ಲಿ ದಿನ, ತಾಸುಗಳ ಪಟ್ಟಿ ಎಲ್ಲರಿಗೂ ಒಂದೇ. ಅಕ್ಕನ ಶಾಲೆಯಲ್ಲಿ ಗಂಟೆ ಎರಡು. ನಾವಾದರೆ ಹೈಸ್ಕೂಲನ್ನು ಮಾತ್ರ ಅದರಲ್ಲಿ ಹಾಕಿ, ಪ್ರಾಥಮಿಕದಲ್ಲಿ ಪಾಠ ಇರುವ ಹೊತ್ತಿಗೆ ಆ ಟೀಚರ್ ಸಿಗುವುದಿಲ್ಲ, ಆ ಕೋಣೆ ಸಿಗುವುದಿಲ್ಲ ಅಂತ ಗುರುತು ಹಾಕುತ್ತೇವೆ. ಅಂದರೆ ಪ್ರಾಥಮಿಕದ್ದು ಮೊದಲೇ ಗಟ್ಟಿಯಾಗಿರಬೇಕು. ಅಲ್ಲಿ ಒಂದು ಬದಲಾದರೆ ಇಲ್ಲಿ ಮತ್ತೆ ಕೂರಬೇಕು.

ಇನ್ನೊಂದು, ಜುಲೈನಲ್ಲಿ ಅತಿಥಿ ಶಿಕ್ಷಕರು ಬಂದ ಮೇಲೆ ಎಲ್ಲಾ ಬದಲಾಗುತ್ತದೆ. ಆಗ ಹೊಸದಾಗಿ ಪೂರ್ತಿ ಹಾಕಿಸಿದರೆ ಯಾರೂ ಒಪ್ಪುವುದಿಲ್ಲ, ನಾಲ್ಕು ಪಾಠ ಮಾತ್ರ ಸರಿಸಿ ಅನ್ನುತ್ತಾರೆ. ಆ ನಾಲ್ಕನ್ನು ಸರಿಸುವಾಗ ಈ ಶೀಟೇ ಬೇಕು.

ಗಣಿತದಕ್ಕ, ಬೆಳಗಾವಿ

ನಿಮಿಷ ಮಾಡಿದ ಮೇಲೆ ಸುಳ್ಳು ಕೆಂಪು ಹೋಯಿತು. ಪ್ರಾಥಮಿಕದ್ದನ್ನೂ ಸೇರಿಸಿದೆವು. ಈಗ ಲ್ಯಾಬಿನಲ್ಲಿ ನಿಜವಾದ ಕ್ಲಾಷ್ ಸಾಲು ಸಾಲಾಗಿ ಎದ್ದಿವೆ. ಒಂದನ್ನು ತೆಗೆದರೆ ಇನ್ನೊಂದು ಬರುತ್ತದೆ. 9ಎಯನ್ನು 3ನೇ ಪೀರಿಯಡ್‌ನಿಂದ 4ಕ್ಕೆ ಹಾಕಿದೆ, ಅಲ್ಲೂ 7ಬಿ ಜೊತೆಗೇ ಬಿತ್ತು. 2ಕ್ಕೆ ಹಾಕಿದೆ, 6ಎ ಜೊತೆ ಬಿತ್ತು. ಲ್ಯಾಬಿಗೆ ವಾರಕ್ಕೆ 24 ಪಾಠ, ಎರಡೂ ಕಡೆ ಸೆಕ್ಷನ್ನಿಗೆ ಎರಡೆರಡು. ವಾರದಲ್ಲಿ 45 ಪೀರಿಯಡ್ ಇರುವಾಗ ಯಾಕೆ ಹಿಡಿಸುತ್ತಿಲ್ಲ?

ಲೆಕ್ಕದ ಹಾಳೆ, ಬಾಗಲಕೋಟೆ

45 ಅನ್ನುವುದು ಒಂದೇ ಗಂಟೆಯ ಲೆಕ್ಕ. ಎರಡು ಗಂಟೆ ಬೆರೆತರೆ ಹಾಗಲ್ಲ. 9ಎ 3ನೇ ಪೀರಿಯಡ್ 690ರಿಂದ 730. ಅದು ಪ್ರಾಥಮಿಕದ 3ನೇದನ್ನೂ ಕೆಡಿಸುತ್ತದೆ, 670ರಿಂದ 705. 4ನೇದನ್ನೂ ಕೆಡಿಸುತ್ತದೆ, 715ರಿಂದ 750. ಹೈಸ್ಕೂಲಿನ ಒಂದು ಪಾಠ ಲ್ಯಾಬಿನಲ್ಲಿ ಕೂತರೆ ಪ್ರಾಥಮಿಕದ ಎರಡು ಜಾಗ ಹೋಯಿತು. ಬೆರೆಸಿದಷ್ಟೂ ಈ ಪೋಲು ಜಾಸ್ತಿ. ಒಂದೊಂದೇ ಸರಿಸುತ್ತಾ ಹೋದರೆ ಕೊನೆ ಇಲ್ಲ.

ಬೆರೆಸದೇ ಹಾಕಿ. ಊಟದ ಮುಂಚೆ ಲ್ಯಾಬ್ ಪ್ರಾಥಮಿಕಕ್ಕೆ, ಊಟ ಆದ ಮೇಲೆ ಹೈಸ್ಕೂಲಿಗೆ. ಪ್ರಾಥಮಿಕ 1:05ಕ್ಕೆ ಮುಗಿಯುತ್ತದೆ, ಹೈಸ್ಕೂಲ್ 1:30ಕ್ಕೆ ಶುರು. ಒಂದರ ಮೇಲೊಂದು ಬೀಳಲು ದಾರಿಯೇ ಇಲ್ಲ. ಪ್ರಾಥಮಿಕಕ್ಕೆ ಬೆಳಿಗ್ಗೆ ದಿನಕ್ಕೆ 5 ಜಾಗ, ಶನಿವಾರ ಬಿಟ್ಟರೂ 25. ಬೇಕಾದದ್ದು 12. ಹೈಸ್ಕೂಲಿಗೆ ಊಟದ ನಂತರ ದಿನಕ್ಕೆ 4 ಪೀರಿಯಡ್ ಇದ್ದರೆ 20. ಬೇಕಾದದ್ದು 12. ಕಂಪ್ಯೂಟರ್ ಸರ್ ಒಬ್ಬರೇ ಆದರೂ ಅವರಿಗೂ ಕ್ಲಾಷ್ ಇಲ್ಲ.

ಮೈದಾನ, ಇಳಕಲ್

ಇದು ಒಳ್ಳೆಯದಾಯಿತು. ಪಿ.ಇ.ಗೂ ಹೀಗೇ ಮಾಡಬಹುದು, ಆದರೆ ಉಲ್ಟಾ ಮಾಡಬೇಡಿ. ನಮ್ಮ ಕಡೆ ಮಾರ್ಚಿಯಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಚಿಕ್ಕ ಮಕ್ಕಳನ್ನು ಮೈದಾನಕ್ಕೆ ಬಿಡಲು ಆಗುವುದಿಲ್ಲ. ಕ್ಲಾಷ್ ಇಲ್ಲ ಅಂತ ಶೀಟ್ ಹೇಳಿದರೂ ಬಿಸಿಲು ಇರುತ್ತದೆ.

ಗಣಿತದಕ್ಕ, ಬೆಳಗಾವಿ

ಲೆಕ್ಕ ಸರಿಯಾಗಿದೆ ಸರ್. ನಮ್ಮಲ್ಲಿ ಒಂದೇ ಅಡ್ಡಿ. ಲ್ಯಾಬ್ ಇರುವ ಕಟ್ಟಡದಲ್ಲಿ ಮಧ್ಯಾಹ್ನ ಕರೆಂಟ್ ಹೋಗುತ್ತಿರುತ್ತದೆ. ಯುಪಿಎಸ್ ಹಳೆಯದು, ಹತ್ತು ನಿಮಿಷ ಸಹ ತಡೆಯುವುದಿಲ್ಲ. ಹೈಸ್ಕೂಲಿನವರು ಒಪ್ಪುತ್ತಾರೋ ಇಲ್ಲವೋ. ದಿನ ಬಿಟ್ಟು ದಿನ ಹಂಚಿದರೆ ಹೇಗೆ? ಸೋಮ, ಬುಧ ಪ್ರಾಥಮಿಕ, ಮಂಗಳ, ಗುರು ಹೈಸ್ಕೂಲ್?

ಲೆಕ್ಕದ ಹಾಳೆ, ಬಾಗಲಕೋಟೆ

ಅದೂ ನಡೆಯುತ್ತದೆ, ಒಂದು ದಿನಕ್ಕೆ ಒಂದೇ ಗಂಟೆ ಅಂತಾದರೆ ಬೆರೆಯುವುದಿಲ್ಲ. ಎರಡು ದಿನದಲ್ಲಿ 12 ಪಾಠ ಅಂದರೆ ದಿನಕ್ಕೆ 6. ಕಂಪ್ಯೂಟರ್ ಸರ್‌ಗೆ ಆ ನಾಲ್ಕು ದಿನ ಭಾರ, ಶುಕ್ರವಾರ ಬಿಡುವು. ಮತ್ತೆ ಒಂದೇ ಸೆಕ್ಷನ್ನಿಗೆ ಎರಡು ಪಾಠ ಎರಡೇ ದಿನದೊಳಗೆ ಬೀಳುತ್ತವೆ. ಅವರನ್ನೇ ಕೇಳಿ ನೋಡಿ.

ಹಳೇ ಹೆಡ್ ಮಾಸ್ತರ, ವಿಜಯಪುರ

ಹಾಳೆ ಸರ್, ಒಂದು ಉಳಿಯಿತು. ವಿಜ್ಞಾನ ಪ್ರಯೋಗಕ್ಕೆ ಇಬ್ಬರು ಟೀಚರ್ ಒಟ್ಟಿಗೆ ಹೋಗುತ್ತಾರೆ ಅಂದರೆ ಏನು ಬರೆಯುವುದು? ನಿಮ್ಮ ನಾಲ್ಕನೇ ಪರೀಕ್ಷೆ ಒಂದು ಗುರುತಿಗೆ ಒಬ್ಬರೇ ಟೀಚರ್ ಇರಬೇಕು ಅನ್ನುತ್ತದೆ.

ಲೆಕ್ಕದ ಹಾಳೆ, ಬಾಗಲಕೋಟೆ

ಸರಿಯಾದ ಜಾಗಕ್ಕೇ ಕೈ ಹಾಕಿದಿರಿ ಸರ್. ಎರಡನೇ ಟೀಚರ್‌ಗೆ ಇನ್ನೊಂದು ಕಾಲಂ ಸೇರಿಸಬಹುದು, ಆದರೆ ಆಗ F ಕಾಲಂ ಮತ್ತು ಹೊಸ ಕಾಲಂ ಎರಡನ್ನೂ ಅಡ್ಡಡ್ಡ ಹೋಲಿಸಬೇಕು, ಒಂದರ ಬದಲು ನಾಲ್ಕು COUNTIFS. ಎರಡನೇ ಟೀಚರ್‌ದನ್ನು ಮಕ್ಕಳ ಗುಂಪೂ ಇಲ್ಲದ, ಕೋಣೆಯೂ ಇಲ್ಲದ, ಬೇರೆ ಗುರುತಿನ ಒಂದು ಸಾಲಾಗಿ ಬರೆದರೆ ಕ್ಲಾಷ್ ಸಿಗುತ್ತದೆ, ಆದರೆ ಪಾಠ ಸರಿಸುವಾಗ ಆ ಸಾಲನ್ನು ನೆನಪಿಟ್ಟು ಸರಿಸಬೇಕು. ಎರಡೂ ನನಗೆ ಸಮಾಧಾನ ಇಲ್ಲ. ಯಾರಿಗಾದರೂ ಸರಳ ದಾರಿ ಗೊತ್ತಿದ್ದರೆ ಹೇಳಿ.

ಜಮಖಂಡಿ ಹಿಂದಿ

ನನ್ನ ಎಂಗೇಜ್ ಪ್ರಶ್ನೆ?

ಗೋಕಾಕ ಆಫೀಸು

ಟೀಚರ್, ಈ ಉದ್ದನೆಯ ಪಟ್ಟಿ ಇದ್ದರೆ ಅದು ಸುಲಭ. ಟೀಚರ್ ಕೋಡ್ ಇರುವ ಹಾಳೆಯಲ್ಲಿ ಪ್ರತಿ ಹೆಸರಿನ ಮುಂದೆ ಅದೇ COUNTIFS ಹಾಕಿ. ದಿನ ಮಂಗಳವಾರ, ಸಮಯ 690ರಿಂದ 730. ಸೊನ್ನೆ ಬಂದವರೆಲ್ಲಾ ಆಗ ಖಾಲಿ. ಪಕ್ಕದ ಕಾಲಂನಲ್ಲಿ ಈ ತಿಂಗಳು ಅವರು ಎಷ್ಟು ಸಲ ಎಂಗೇಜ್‌ಗೆ ಹೋದರು ಅಂತ ಬರೆಯುತ್ತಾ ಹೋಗಿ. ಹಿಂದಿಯವರನ್ನೇ ಕಳಿಸುತ್ತಾರೋ ಇಲ್ಲವೋ ಅಂತ ಎಚ್.ಎಂ. ಮುಂದೆ ಆ ಹಾಳೆಯನ್ನೇ ಇಡಬಹುದು.

ಗಣಿತದಕ್ಕ, ಬೆಳಗಾವಿ

ನಾಳೆ ಸ್ಟಾಫ್ ಮೀಟಿಂಗ್ ಇದೆ. ಲ್ಯಾಬನ್ನು ಊಟದ ಮುಂಚೆ, ಊಟದ ನಂತರ ಅಂತ ಹಂಚುವುದೋ, ದಿನ ಬಿಟ್ಟು ದಿನವೋ, ಎರಡನ್ನೂ ಬೇರೆ ಬೇರೆ ಹಾಳೆಯಲ್ಲಿ ಹಾಕಿ ತೋರಿಸುತ್ತೇನೆ. ಕಂಪ್ಯೂಟರ್ ಸರ್ ಏನು ಹೇಳಿದರು ಅಂತ ಬರೆಯುತ್ತೇನೆ. ಇಬ್ಬರು ಟೀಚರ್ ಹೋಗುವ ಪ್ರಯೋಗದ ಪಾಠ ನಮ್ಮಲ್ಲೂ 10ನೇ ತರಗತಿಗೆ ಇದೆ. ಅದಕ್ಕೆ ದಾರಿ ಸಿಗುವವರೆಗೆ ಬೇರೆ ಸಾಲಾಗಿಯೇ ಬರೆದಿಡುತ್ತೇನೆ.